ಗುರುವಾರ ಮಧ್ಯಾಹ್ನ ಒಂದು ಗಂಟೆಗೆ ಬರುತ್ತೇನೆ

ತಲೆಯಲ್ಲಿ ಒಂದು ಬಿಳಿ ಕೂದಲು ಕಂಡರೆ ಹೆಂಗಸರು ಕನ್ನಡಿಯ ಮುಂದೆ ಮುಖ ಸಣ್ಣಗೆ ಮಾಡಿಕೊಳ್ಳುತ್ತಾರೆ. ನಾನು ಬಳ್ಳಾರಿಯ ದೊಡ್ಡಾಸ್ಪತ್ರೆಯ ಚರ್ಮದ ವಿಭಾಗದಲ್ಲಿ ಸ್ಟೂಲಿನ ಮೇಲಿಂದ ಎದ್ದು ಕುಣಿಯುವುದೊಂದು ಬಾಕಿ ಇತ್ತು.

ಡಾಕ್ಟರ್ ಸುಪ್ರಜಾ ನನ್ನ ತಲೆಯ ಮೇಲೆ ದೀಪವಿರುವ ಪುಟ್ಟ ಭೂತಗನ್ನಡಿ ಇಟ್ಟು, ಅದರ ಮೂಲಕ ಮೊಬೈಲಿನಲ್ಲಿ ಫೋಟೊ ತೆಗೆದು ನನ್ನ ಕಣ್ಣ ಮುಂದೆ ಹಿಡಿದಿದ್ದರು.

"ಇಲ್ಲಿ ನೋಡ್ರಿ ಮೀನಾಕ್ಷಿ. ಇವು ಏನು ಹೇಳ್ರಿ?"

ಬೋಳು ಚರ್ಮದ ಮೇಲೆ ಎಳೆ ಎಳೆಯಾಗಿ ಏನೋ ಬೆಳ್ಳಗೆ ಕಾಣುತ್ತಿತ್ತು. ಬಳ್ಳಾರಿಯಲ್ಲೇ ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ಕೆಲಸ ಮಾಡುವವಳು ನಾನು, ನನ್ನ ಮೈಮೇಲೆ ಬೆಳ್ಳಗೆ ಕಂಡದ್ದೆಲ್ಲ ನೂಲಿನ ಚೂರೇ. "ಬಟ್ಟಿ ಧೂಳೇನ್ರಿ?" ಅಂದೆ.

"ಧೂಳಲ್ಲ, ಕೂದಲು! ಮೊದಲು ಹಿಂಗ ಬೆಳ್ಳಗ, ಮೆತ್ತಗ ಬರ್ತಾವ. ಆಮ್ಯಾಲ ನಿಧಾನಕ್ಕ ಕರ್ರಗಾಗ್ತಾವ. ಮದ್ದು ಹತ್ತೇದ ನಿಮಗ."

ಹೊರಗೆ ಕೂತವರಿಗೆಲ್ಲ ಕೇಳುವಂತೆ ನಾನು "ಯವ್ವಾ!" ಅಂದುಬಿಟ್ಟೆ. ನರ್ಸು ಓಡಿ ಬಂದಳು. ಯಾರಿಗೋ ಸೂಜಿ ಮುರಿಯಿತೆಂದು ತಿಳಿದಳಂತೆ.

ನನಗೆ ಆಗಿರುವುದಕ್ಕೆ ಅಲೋಪೇಶಿಯಾ ಅನ್ನುತ್ತಾರೆ. ದೇಹದ ಕಾವಲು ಪಡೆಯೇ ತಲೆಕೆಟ್ಟು ನಮ್ಮ ಕೂದಲಿನ ಬೇರನ್ನೇ ವೈರಿಯೆಂದು ತಿಳಿದು ಅದರ ಮೇಲೆ ಬೀಳುತ್ತದೆ. ಮೊದಲು ಕಿವಿಯ ಹಿಂದೆ ರೂಪಾಯಿಯಗಲ ಬೋಳಾಯಿತು. ಆಮೇಲೆ ಅಲ್ಲೊಂದು ಇಲ್ಲೊಂದು. ನಂತರ ಅವೆಲ್ಲ ಒಂದಕ್ಕೊಂದು ಕೂಡಿಕೊಂಡವು. ಸೊಂಟದವರೆಗಿದ್ದ ಜಡೆ ಬಾಚಣಿಗೆಯ ತುಂಬ ಬಂದು ಹೋಯಿತು. ಆ ದಿನಗಳಲ್ಲಿ ನಾನು ಸ್ನಾನಕ್ಕೆ ಹೋಗಲೂ ಹೆದರುತ್ತಿದ್ದೆ. ಇದು ಅಂಟುವುದಿಲ್ಲ, ಜೀವಕ್ಕೆ ಅಪಾಯವಿಲ್ಲ ಎಂದು ಡಾಕ್ಟರು ಹೇಳಿದ್ದರು. ಜೀವಕ್ಕೆ ಅಪಾಯವಿಲ್ಲ ಅನ್ನುವ ಮಾತು ಕೇಳಿ ಸಮಾಧಾನ ಆಗುವಷ್ಟು ದೊಡ್ಡ ಮನಸ್ಸು ನನ್ನದಲ್ಲ.

ಅವರು ಕೊಡುವ ಚಿಕಿತ್ಸೆಯೂ ವಿಚಿತ್ರದ್ದೇ. ಚರ್ಮಕ್ಕೆ ಒಗ್ಗದ ಒಂದು ಮದ್ದನ್ನು ಹತ್ತಿಯ ಕಡ್ಡಿಯಲ್ಲಿ ಅದ್ದಿ ತಲೆಗೆ ಹಚ್ಚುತ್ತಾರೆ. ಅಲ್ಲಿ ಸ್ವಲ್ಪ ಕೆಂಪಾಗಬೇಕು, ಸ್ವಲ್ಪ ತುರಿಸಬೇಕು. ಕಾವಲು ಪಡೆ ಆ ತುರಿಕೆಯ ಹಿಂದೆ ಹೋಗಿ ಕೂದಲಿನ ಬೇರನ್ನು ಬಿಟ್ಟುಬಿಡಲಿ ಎನ್ನುವುದು ಲೆಕ್ಕಾಚಾರ. ಹಚ್ಚಿದ ಮೇಲೆ ಎರಡು ದಿನ ತಲೆಗೆ ನೀರು ಸೋಕಬಾರದು, ಬಿಸಿಲು ಬೀಳಬಾರದು, ಬೇರೆಯವರು ಮುಟ್ಟಬಾರದು. ಆಮೇಲೆ ತೊಳೆದುಕೊಂಡರಾಯಿತು. ಹೋದ ವಾರ ಎಷ್ಟು ಕೆಂಪಾಗಿತ್ತು ಎಂದು ನೋಡಿಯೇ ಈ ವಾರದ ಮದ್ದಿನ ಖಾರ ಎಷ್ಟಿರಬೇಕು ಎಂದು ಡಾಕ್ಟರು ತೀರ್ಮಾನಿಸುತ್ತಾರೆ. ಅದಕ್ಕೇ ಇದನ್ನು ಮನೆಗೆ ಒಯ್ದು ಹಚ್ಚಿಕೊಳ್ಳಲು ಕೊಡುವುದಿಲ್ಲ. ವಾರಕ್ಕೊಮ್ಮೆ ಹೋಗಲೇಬೇಕು, ಅದೂ ಗುರುವಾರ ಬೆಳಗ್ಗೆ ಮಾತ್ರ.

"ಇಷ್ಟು ದಿನ ಬಲಗಡೆ ಅಷ್ಟೇ ಹಚ್ಚಿದ್ವಿ. ಮುಂದಿನ ಗುರುವಾರದಿಂದ ಎರಡೂ ಕಡೆ ಹಚ್ಚೋಣ," ಅಂದರು ಡಾಕ್ಟರ್ ಸುಪ್ರಜಾ. "ಆದ್ರ ಇನ್ನ ಆರು ತಿಂಗಳು ಒಂದು ವಾರನೂ ತಪ್ಪಿಸಬ್ಯಾಡ್ರಿ. ಕೂದಲು ಬರ್ಲಿಕ್ಕೆ ಶುರುವಾದಾಗ ನಡುವ ಬಿಟ್ರ ಮತ್ತ ಹಿಂದಕ್ಕ ಹೋಗಬಹುದು."

ಕುಣಿಯಬೇಕೆಂದಿದ್ದ ನನ್ನ ಕಾಲು ಅಲ್ಲೇ ತಣ್ಣಗಾಯಿತು. ಯಾಕೆಂದರೆ ನನ್ನ ರಜೆಗಳೆಲ್ಲ ಮುಗಿದಿದ್ದವು. ಹಿಂದಿನ ಎರಡು ಗುರುವಾರ ಪಗಾರ ಕಡಿತದ ಮೇಲೆ ಬಂದಿದ್ದೆ. ಇನ್ನೊಂದು ಗುರುವಾರ ಹೇಳದೆ ಕೇಳದೆ ತಪ್ಪಿಸಿಕೊಂಡರೆ ಮಾಲಿಗೆ ಬಿಲ್ಲು ಮಾಡಿ ಲಾರಿಗೆ ಕಳಿಸುವ ನನ್ನ ಡಿಸ್ಪ್ಯಾಚ್ ಟೇಬಲ್ಲನ್ನು ಲೋಡಿಂಗ್ ನೋಡಿಕೊಳ್ಳುವ ಸಮ್ರಾಟ್‌ಗೆ ಕೊಟ್ಟು, ನನ್ನನ್ನು ಗುಂಡಿ ಎಣಿಸುವ ಕೋಣೆಗೆ ಹಾಕುವುದಾಗಿ ಮ್ಯಾನೇಜರು ಹೇಳಿಯಾಗಿತ್ತು. ಕೆಲಸ ಬಿಟ್ಟು ಕೂದಲು ಬೆಳೆಸಿಕೊಳ್ಳೋಣವೆಂದರೆ ಕುರುಗೋಡಿನ ನಮ್ಮ ಮನೆ ನನ್ನ ಪಗಾರದ ಮೇಲೆ ನಿಂತಿದೆ. ಕೂದಲು ಬಿಟ್ಟು ಕೆಲಸ ಉಳಿಸಿಕೊಳ್ಳೋಣವೆಂದರೆ, ಈಗ ಆ ಫೋಟೊ ನೋಡಿಬಿಟ್ಟಿದ್ದೆನಲ್ಲ!

"ಒಂದು ಪತ್ರ ಬರೆದುಕೊಡ್ತೀನಿ," ಅಂದರು ಡಾಕ್ಟರು. "ಅದನ್ನ ಲಗತ್ತಿಸಿ ನೀವು ಅರ್ಜಿ ಕೊಡ್ರಿ. ರಜಾ ಕೇಳಬ್ಯಾಡ್ರಿ. ಟೈಮ್ ಬದಲು ಮಾಡಿಕೊಡ್ರಿ ಅಂತ ಕೇಳ್ರಿ."

ಕುರುಗೋಡಿನ ಬಸ್ಸಿನಲ್ಲಿ ಮನೆಗೆ ಹೋಗುವಾಗಲೇ ತಲೆಯಲ್ಲಿ ಅರ್ಜಿ ಬರೆದು ಮುಗಿಸಿದ್ದೆ. ಮನೆಗೆ ಬಂದು ಅವ್ವನಿಗೆ ಫೋಟೊ ತೋರಿಸಿದೆ. ನಮ್ಮವ್ವ ಅಂಬಮ್ಮ ಮೊಬೈಲನ್ನೇ ಕಣ್ಣಿಗೊತ್ತಿಕೊಂಡು ಅತ್ತಳು, ನಕ್ಕಳು, ಪಕ್ಕದ ಮನೆಗೆ ಸಕ್ಕರೆ ಹಂಚಲು ಹೊರಟಳು. ಅರ್ಜಿಯ ವಿಷಯ ಹೇಳಿದ ಕೂಡಲೇ ಬಾಗಿಲಲ್ಲೇ ನಿಂತುಬಿಟ್ಟಳು.

"ರೋಗ ಅಂತ ಬರಿತೀಯೇನು? ಬ್ಯಾಡಬೇ! ಲಡ್ಡು ಕೊಟ್ಟೀನಿ!"

ಈ ಲಡ್ಡಿನ ಕಥೆ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಾನು ಮೊದಲ ಸಲ ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಯೂನಿಟ್ಟಿಗೆ ಹೋದ ವಾರವೇ ಅವ್ವ ನಾನು ಮರೆತ ಬುತ್ತಿ ಕೊಡಲು ಅಲ್ಲಿಗೆ ಬಂದಿದ್ದಳು. ಹೆಂಗಸರೆಲ್ಲ ಸುತ್ತುವರಿದು "ಮಗಳು ತಿರುಪತಿಗೆ ಮುಡಿ ಕೊಟ್ಲೇನು?" ಎಂದು ಕೇಳಿದರು. ನಮ್ಮ ಕಡೆ ಹೆಣ್ಣಿನ ತಲೆಯಲ್ಲಿ ಜಡೆ ಕಾಣದಿದ್ದರೆ ಮೊದಲು ಬರುವ ಯೋಚನೆಯೇ ಅದು. ಅವ್ವ ಒಂದು ಗಳಿಗೆ ನನ್ನ ಮುಖ ನೋಡಿ "ಹೌದ್ರೀ, ತಿಮ್ಮಪ್ಪಗ ಹರಕಿ ಇತ್ತು" ಅಂದುಬಿಟ್ಟಳು. ಹರಕೆ ಅಂದಮೇಲೆ ಪ್ರಸಾದ ಬೇಕಲ್ಲ? ಮರುದಿನ ಕುರುಗೋಡಿನ ಬಸ್ ಸ್ಟ್ಯಾಂಡ್ ಹತ್ತಿರದ ಬೇಕರಿಯಿಂದ ಲಡ್ಡು ತಂದು, ಡಬ್ಬಿ ಬದಲಿಸಿ, ಇಡೀ ಯೂನಿಟ್ಟಿಗೆ ಹಂಚಿದಳು. ನಾನು ಒಂದು ವಾರ ಅವ್ವನ ಜೊತೆ ಮಾತು ಬಿಟ್ಟಿದ್ದೆ. ಮಾಲಕಿ ಕೊಟ್ರಬಸಮ್ಮನವರು ಆ ಲಡ್ಡನ್ನು ಚಪ್ಪಲಿ ಬಿಟ್ಟು ನಿಂತು ತಿಂದಿದ್ದರು.

"ಟೈಫಾಯ್ಡ್ ಅಂತ ಬರಿ," ಅಂದಳು ಅವ್ವ.

"ಆರು ತಿಂಗಳು ವಾರಕ್ಕೊಮ್ಮೆ ಗುರುವಾರ ಅಷ್ಟ ಬರೋ ಟೈಫಾಯ್ಡ್ ಯಾವ ಊರಾಗೈತಿ ಹೇಳು," ಅಂದೆ. ನಾನು ಅರ್ಜಿ ಬರೆಯಲು ಕೂತೆ.

ಮೊದಲ ಪ್ರತಿಯಲ್ಲಿ "ದಯವಿಟ್ಟು" ತುಂಬಾ ಆಯಿತು, ಭಿಕ್ಷೆ ಬೇಡಿದಂತಿತ್ತು, ಹರಿದೆ. ಎರಡನೆಯದರಲ್ಲಿ ಸಿಟ್ಟು ತುಂಬಾ ಆಯಿತು, ಅದನ್ನೂ ಹರಿದೆ. ಕೊನೆಗೆ ನಿಂತದ್ದು ಇದು:

*ಮಾಲೀಕರಿಗೆ,*

*ವಿಷಯ: ಗುರುವಾರಗಳಂದು ನನ್ನ ಕೆಲಸದ ವೇಳೆ ಬದಲಿಸಿಕೊಡುವ ಕುರಿತು.*

*ಮಾನ್ಯರೇ, ನನಗೆ ಅಲೋಪೇಶಿಯಾ ಎಂಬ ಕೂದಲು ಉದುರುವ ಕಾಯಿಲೆ ಇದೆ. ಇದು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಇದಕ್ಕೆ ಆಸ್ಪತ್ರೆಯಲ್ಲಿ ಪ್ರತಿ ಗುರುವಾರ ಬೆಳಗ್ಗೆ ಮಾತ್ರ ಚಿಕಿತ್ಸೆ ಕೊಡುತ್ತಾರೆ. ಮುಂದಿನ ಆರು ತಿಂಗಳು ತಪ್ಪದೆ ಹೋಗಬೇಕೆಂದು ವೈದ್ಯರು ಹೇಳಿದ್ದಾರೆ. ಅವರ ಪತ್ರ ಲಗತ್ತಿಸಿದ್ದೇನೆ.*

*ನಾನು ರಜೆ ಕೇಳುತ್ತಿಲ್ಲ. ಗುರುವಾರ ಮಧ್ಯಾಹ್ನ ಒಂದು ಗಂಟೆಗೆ ಬಂದು ಸಂಜೆ ಏಳರವರೆಗೆ ಇರುತ್ತೇನೆ. ಇನ್ನೂ ಕಡಿಮೆ ಬೀಳುವ ವೇಳೆಯನ್ನು ಉಳಿದ ದಿನಗಳಲ್ಲಿ ಬೆಳಗ್ಗೆ ಬೇಗ ಬಂದು ತುಂಬಿಕೊಡುತ್ತೇನೆ. ವಾಷಿಂಗ್‌ ಘಟಕದಿಂದ ತೊಳೆದ ಮಾಲು ಬರುವುದೇ ಮಧ್ಯಾಹ್ನ ಮೂರರ ನಂತರವಾದ್ದರಿಂದ ಗುರುವಾರದ ಲಾರಿಯ ಬಿಲ್ಲು, ಸಾಗಣೆಯ ಇ-ವೇ ಬಿಲ್ಲು ಯಾವುದೂ ತಡವಾಗುವುದಿಲ್ಲ. ಮೂರು ತಿಂಗಳ ನಂತರ ಈ ವ್ಯವಸ್ಥೆಯನ್ನು ತಾವು ಮತ್ತೆ ಪರಿಶೀಲಿಸಬಹುದು.*

*ಇಂತಿ, ಮೀನಾಕ್ಷಿ, ಡಿಸ್ಪ್ಯಾಚ್ ವಿಭಾಗ.*

ಓದಿ ನೋಡಿದೆ. ಎಲ್ಲೂ ಅತ್ತಿರಲಿಲ್ಲ, ಎಲ್ಲೂ ಬಗ್ಗಿರಲಿಲ್ಲ. ನನ್ನ ಬಗ್ಗೆ ನನಗೇ ಹೆಮ್ಮೆಯಾಯಿತು.

ಸೋಮವಾರ ಬೆಳಗ್ಗೆ ಅದನ್ನು ಮ್ಯಾನೇಜರ್ ವಿಶ್ವಪ್ರಿಯ ಅವರ ಮೇಜಿನ ಮೇಲೆ ಇಟ್ಟೆ. ಹಣೆಯ ಮೇಲೆ ಅಂಗಾರದ ಗೆರೆ, ಜೇಬಿನಲ್ಲಿ ಎರಡು ಪೆನ್ನು, ಹೆಬ್ಬೆಟ್ಟಿನ ಹಾಜರಿ ಮಷೀನಿನ ಮೇಲೆ ಸದಾ ಒಂದು ಕಣ್ಣು. ಮನುಷ್ಯ ಕೆಟ್ಟವರಲ್ಲ, ಆದರೆ ನಿಯಮದ ಹೊರಗೆ ಕಾಲಿಡಬೇಕೆಂದರೆ ಅವರ ಮೈ ನಡುಗುತ್ತದೆ.

ಓದಿದರು. ಬಾಗಿಲು ಮುಚ್ಚಿ ಬಂದು ಮತ್ತೊಮ್ಮೆ ಓದಿದರು. "ಅಲ್ಲಮ್ಮಾ, ಮತ್ತ ತಿರುಪತಿ?" ಎಂದು ಮೆಲ್ಲಗೆ ಕೇಳಿದರು.

"ಹೋಗಿಲ್ರಿ, ಸರ್."

"ನಾರಾಯಣ!" ಎಂದು ಕುರ್ಚಿಗೆ ಒರಗಿದರು. "ನೋಡು, ವ್ಯಾಳ್ಯಾ ಬದಲು ಮಾಡೋದು ನನ್ನ ಕೈಯಾಗ ಇಲ್ಲ. ಮಾಲಕಿ ಅಮ್ಮಾರ ಸಹಿ ಬೇಕು. ಅವರಿಗೆ ಇದು ತೋರಿಸಿದ್ರ ನಿಮ್ಮ ತಾಯಿ ಮಾತು ಏನಾಗ್ತದ ಗೊತ್ತದ ಏನು? ವೈಯಕ್ತಿಕ ಕಾರಣ ಅಂತ ಬರದು ಕೊಡು. ನಾನು ಹೆಂಗೋ ಹೇಳ್ಲಿಕ್ಕೆ ನೋಡ್ತೀನಿ."

"ವೈಯಕ್ತಿಕ ಕಾರಣ ಅಂದ್ರ ಅಮ್ಮಾರು ಒಂದು ಗುರುವಾರ ಕೊಡ್ತಾರ್ರೀ ಸರ್. ಆರು ತಿಂಗಳು ಕೊಡ್ತಾರೇನು?"

ಅವರು ಮೂಗಿನ ಮೇಲಿನ ಕನ್ನಡಕ ತೆಗೆದು ಒರೆಸಿದರು. "ಬಾ," ಅಂದರು.

ಕೊಟ್ರಬಸಮ್ಮನವರ ಕೋಣೆಯೆಂದರೆ ಅರ್ಧ ಆಫೀಸು, ಅರ್ಧ ದೇವರ ಮನೆ. ಒಂದು ಗೋಡೆಗೆ ಕೊಟ್ಟೂರು ಬಸವೇಶ್ವರ, ಇನ್ನೊಂದಕ್ಕೆ ತಿಮ್ಮಪ್ಪನ ದೊಡ್ಡ ಫೋಟೊ. ಮೇಜಿನ ತುಂಬ ಪ್ಯಾಂಟಿನ ಸ್ಯಾಂಪಲ್ಲುಗಳು. ಗಂಡ ಸತ್ತಮೇಲೆ ನಾಲ್ಕು ಮಷೀನಿನಿಂದ ಶುರುಮಾಡಿ ಈ ಯೂನಿಟ್ಟು ಕಟ್ಟಿದ ಹೆಂಗಸು ಅವರು. ದನಿ ಮಷೀನುಗಳ ಸದ್ದನ್ನು ಮೀರಿಸಿ ಅಭ್ಯಾಸವಾಗಿದ್ದು, ಕೋಣೆಯೊಳಗೂ ಹಾಗೇ ಮಾತಾಡುತ್ತಾರೆ. ಅರ್ಜಿಯನ್ನು ಇಸಿದುಕೊಂಡು ಗಟ್ಟಿಯಾಗಿಯೇ ಓದತೊಡಗಿದರು. ಹೊರಗಿನ ಹಾಲಿನಲ್ಲಿ ಒಂದೊಂದೇ ಮಷೀನು ಸುಮ್ಮನಾಗುವುದು ನನಗೆ ಕೇಳಿಸಿತು. ನನ್ನ ಎದೆ ಮಾತ್ರ ಜೋರಾಗಿ ಓಡುತ್ತಿತ್ತು.

ಓದಿ ಮುಗಿಸಿ ನನ್ನನ್ನು ಕನಿಕರದಿಂದ ನೋಡಿದರು.

"ಅಯ್ಯ, ಇಷ್ಟಕ್ಕ ದವಾಖಾನಿ ಯಾಕಬೇ? ಮುಡಿ ಕೊಟ್ಟ ಮ್ಯಾಲ ಕೂದ್ಲ ತಾನಾ ಬರ್ಬೇಕು. ಬರ್ಲಿಲ್ಲ ಅಂದ್ರ ಹರಕಿಯೊಳಗ ಏನೋ ತಪ್ಪಾಗೈತಿ. ತಿಮ್ಮಪ್ಪಗ ಸಿಟ್ಟು ಬಂದೈತಿ. ಒಂದು ಕೆಲಸ ಮಾಡು. ನನ್ನ ಕಾರು ತಗೊಂಡು ಹೋಗು, ನಿಮ್ಮವ್ವನ್ನೂ ಕರ್ಕೊಂಡು ಹೋಗು. ತಪ್ಪು ಕಾಣಿಕಿ ಹಾಕಿ ಬಾ. ಸಾಹೇಬ್ರ, ಈಕಿಗೆ ಒಂದು ವಾರ ರಜಾ ಕೊಡ್ರಿ. ಪಗಾರ ಹಿಡಿಬ್ಯಾಡ್ರಿ."

ವಿಶ್ವಪ್ರಿಯ ಅವರ ಮುಖ ಅರಳಿತು. ಒಪ್ಪಿಕೋ ಮಹರಾಯ್ತಿ ಎಂದು ಕಣ್ಣಲ್ಲೇ ಬೇಡಿಕೊಂಡರು. ದೇವರಿಗಾದರೆ ಇಡೀ ವಾರ, ಕಾರಿನ ಸಮೇತ! ಡಾಕ್ಟರಿಗಾದರೆ ಅರ್ಧ ಬೆಳಗು ಕೊಡಲು ನೂರು ಯೋಚನೆ. ನನಗೆ ನಗುವೂ ಬಂತು, ಮೈಯೆಲ್ಲ ಉರಿಯಿತು. ಹೂಂ ಅಂದುಬಿಟ್ಟರೆ ಅವ್ವನ ಮಾನ ಉಳಿಯುತ್ತಿತ್ತು, ಕಾರಿನಲ್ಲಿ ಏಸಿಯೂ ಇತ್ತು. ಆದರೆ ಆ ವಾರದ ನಡುವೆಯೂ ಒಂದು ಗುರುವಾರ ಇತ್ತಲ್ಲ. ಆಮೇಲೂ ಗುರುವಾರಗಳಿದ್ದವು.

"ಅಮ್ಮಾರ, ನಾನು ಮುಡಿ ಕೊಟ್ಟಿಲ್ರಿ," ಅಂದೆ. "ತಿರುಪತಿಗಾ ಹೋಗಿಲ್ಲ."

ಹಾಲಿನಲ್ಲಿ ಉಳಿದಿದ್ದ ಕೊನೆಯ ಮಷೀನೂ ನಿಂತಿತು.

"ಏನಂದಿ?"

"ರೋಗಕ್ಕ ಉದುರಿದ್ದು. ಹರಕಿ ಅಂತ ನಮ್ಮವ್ವ ಹೇಳಿದ್ಲು."

"ಮತ್ತ ಲಡ್ಡು?"

"ಕುರುಗೋಡು ಬೇಕರಿದ್ರಿ."

ಕೊಟ್ರಬಸಮ್ಮನವರು ಎದ್ದು ನಿಂತರು. "ಚಪ್ಪಲಿ ಬಿಟ್ಟು ತಿಂದೀನಲ್ಲೇ! ಕಣ್ಣಿಗೊತ್ಕೊಂಡು ತಿಂದೀನಿ! ನಮ್ಮ ಬೀಗರಿಗೆ ಅರ್ಧ ಮುರದು ಕೊಟ್ಟೀನಿ, ತಿರುಪತಿದು ಅಂತ!" ವಿಶ್ವಪ್ರಿಯ ಅವರು ಕಿಟಕಿಯ ಕಡೆ ತಿರುಗಿ ನಿಂತುಕೊಂಡರು. ಬೆನ್ನು ಸ್ವಲ್ಪ ಅಲುಗುತ್ತಿತ್ತು. "ದೇವರ ಹೆಸರಾಗ ಸುಳ್ಳು ಹೇಳ್ತಾಳಂದ್ರ ಎಂಥಾ ಹೆಂಗಸಬೇ ನಿಮ್ಮವ್ವ?"

ನನ್ನನ್ನು ಬೈದಿದ್ದರೆ ತಲೆ ತಗ್ಗಿಸಿ ನಿಲ್ಲುತ್ತಿದ್ದೆ. ಅವ್ವನನ್ನು ಅಂದದ್ದು ತಡೆಯಲಾಗಲಿಲ್ಲ.

"ತಾಯಿ ಇದ್ದಂಗ ಅದಾಳ್ರಿ. ಹರಕಿ ಅಂದ್ರ ಎಲ್ರೂ ಕೈ ಮುಗೀತಾರ, ರೋಗ ಅಂದ್ರ ಎಲ್ರೂ ಹಿಂದಕ್ಕ ಸರೀತಾರ. ಅದು ಆಕಿಗೆ ಗೊತ್ತಿತ್ತು."

"ಇಲ್ಲಿ ಯಾರು ಹಿಂದಕ್ಕ ಸರಿಯೋರು? ಯಾರು?"

ನನಗೂ ರೇಗಿತ್ತು. ಸ್ಕಾರ್ಫಿನ ಗಂಟು ಬಿಚ್ಚಿ ಎಳೆದುಬಿಟ್ಟೆ. ಅವ್ವ ಮತ್ತು ಆಸ್ಪತ್ರೆಯವರ ಹೊರತು ಯಾರೂ ನೋಡದ ನನ್ನ ತಲೆ, ಟ್ಯೂಬ್‌ಲೈಟಿನ ಕೆಳಗೆ, ತಿಮ್ಮಪ್ಪನ ಎದುರಿಗೆ, ಬೋಳು ಬೋಳಾಗಿ ನಿಂತಿತು. ಬಲಗಡೆ ಮದ್ದಿನ ಕೆಂಪು ಇನ್ನೂ ಪೂರ್ತಿ ಆರಿರಲಿಲ್ಲ.

ಕೊಟ್ರಬಸಮ್ಮನವರ ಕೈ ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡಿತು. "ಇದು... ಅಂಟ್ತೈತೇನಬೇ?"

"ನೋಡ್ರಿ," ಅಂದೆ. "ಇದಕ್ಕಾ ನಮ್ಮವ್ವ ಸುಳ್ಳು ಹೇಳಿದ್ದು."

ಅವರು ಹಿಂದಕ್ಕೆಳೆದ ಕುರ್ಚಿಯನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. ಅವರ ಮುಖ ಕೆಂಪಾಯಿತು. ನಾನು ಅಷ್ಟು ಹೇಳಬಾರದಿತ್ತೇನೋ ಅನ್ನಿಸಿತು. ಕೆಲಸ ಹೋಯಿತು ಎಂದೇ ತಿಳಿದೆ.

ಅವರು ಮೇಜು ಸುತ್ತಿಕೊಂಡು ನನ್ನ ಹತ್ತಿರ ಬಂದರು. ಹೊಲಿಗೆ ನೋಡುವ ಭೂತಗನ್ನಡಿ ಕೈಯಲ್ಲಿತ್ತು. "ಬಗ್ಗು," ಅಂದರು. ಬಗ್ಗಿದೆ. ಅವರ ಉಸಿರು ನನ್ನ ನೆತ್ತಿಗೆ ತಾಗುತ್ತಿತ್ತು.

"ಇಲ್ಲೇನೋ ಬೆಳ್ಳಗ ಕಾಣ್ತೈತಲ್ಲ."

"ಕೂದ್ಲರೀ! ಈಗ ಬರಾಕತ್ಯಾವ!" ಬಗ್ಗಿಕೊಂಡೇ ಕೂಗಿದೆ.

"ಬರಾಕತ್ಯಾವಾ? ಮತ್ತ ತಿಮ್ಮಪ್ಪ ಕಣ್ ಬಿಟ್ಟಾನ ಅಂದಂಗಾತು. ಇನ್ನ ದವಾಖಾನಿ ಯಾಕ?"

"ತಿಮ್ಮಪ್ಪ ಕೊಟ್ಟಿದ್ರ ಎರಡೂ ಕಡಿ ಕೊಡ್ತಿದ್ದಿಲ್ಲೇನ್ರಿ? ಎಡಗಡೆ ನೋಡ್ರಿ."

ಭೂತಗನ್ನಡಿ ಎಡಕ್ಕೆ ಸರಿಯಿತು. ಅಲ್ಲಿ ಏನೂ ಇರಲಿಲ್ಲ, ನನಗೆ ಗೊತ್ತಿತ್ತು. ಮತ್ತೆ ಬಲಕ್ಕೆ ಬಂತು, ಮತ್ತೆ ಎಡಕ್ಕೆ ಹೋಯಿತು.

"ಇದೇನಬೇ, ಅರ್ಧ ತಲಿಗೆ ಅಷ್ಟ?"

"ಮದ್ದು ಅರ್ಧ ತಲಿಗೆ ಅಷ್ಟ ಹಚ್ಚಿದ್ರು, ಅಮ್ಮಾರ. ಹಚ್ಚಿದ್ದು ಬಲಗಡೆ, ಬಂದಿದ್ದೂ ಬಲಗಡೆ. ಇನ್ನೊಂದು ಕಡಿ ಹಂಗಾ ಬಿಟ್ರ ಮದ್ದು ಹತ್ತೈತೋ ಇಲ್ಲೋ ಗೊತ್ತಾಗ್ತೈತಿ ಅಂತ."

ಅವರು ನೆಟ್ಟಗಾದರು. ನಾನೂ ತಲೆಯೆತ್ತಿದೆ. ಅವರ ಕಣ್ಣಲ್ಲಿ ನಾನು ಚೆನ್ನಾಗಿ ಬಲ್ಲ ಒಂದು ಹೊಳಪು ಬಂದಿತ್ತು. ಹೊಸ ಬಣ್ಣದ ಪ್ಯಾಂಟು ವಾಷಿಂಗ್‌ನಿಂದ ಸರಿಯಾಗಿ ಬಂದಾಗ ಬರುವ ಹೊಳಪು ಅದು.

"ಅಂದ್ರ ಸ್ಯಾಂಪಲ್ಲು!" ಅಂದರು. "ಪ್ಯಾಂಟಿನ ಒಂದು ಕಾಲಿಗೆ ವಾಶ್ ಕೊಟ್ಟು ನೋಡಿದಂಗ!"

"ಹೂಂ ರೀ!"

"ಸ್ಯಾಂಪಲ್ಲು ಪಾಸಾಗೈತಿ ಅನ್ನು!"

"ಪಾಸಾಗೈತಿ! ಇನ್ನ ಪೂರಾ ಲಾಟು ಶುರು ಮಾಡ್ಬೇಕು, ಬರೋ ಗುರುವಾರ. ಎರಡೂ ಕಡಿ."

"ನಡುವ ನಿಲ್ಲಿಸಿದ್ರ?"

"ಇಲ್ಲೀತನ ಬಂದಿದ್ದೂ ಕೆಡಬಹುದು ಅಂದಾರ ಡಾಕ್ಟ್ರು."

"ಕೆಡದಾ ಇರ್ತೈತೇನು? ಲಾಟಿನ ನಡುವ ಮಷೀನು ನಿಲ್ಲಿಸಿದ್ರ ಅರ್ಧ ಒಂದು ಬಣ್ಣ, ಅರ್ಧ ಒಂದು ಬಣ್ಣ. ಯಾರು ತಗೋತಾರ?" ಅರ್ಜಿಯನ್ನು ಮೇಜಿನಿಂದ ಎತ್ತಿಕೊಂಡರು. ಈ ಸಲ ಬಾಯಿ ಬಿಡದೆ ಓದಿದರು, ನಿಧಾನವಾಗಿ, ಪ್ರತಿ ಸಾಲಿನ ಕೆಳಗೆ ಬೆರಳಿಟ್ಟು. "ಸಾಹೇಬ್ರ, ಗುರುವಾರ ವಾಷಿಂಗ್ ಗಾಡಿ ಎಷ್ಟೊತ್ತಿಗೆ ಬರ್ತೈತಿ?"

"ಮೂರರ ಮ್ಯಾಲೇ ಬರ್ತದರೀ," ಅಂದರು ವಿಶ್ವಪ್ರಿಯ. ಆಮೇಲೆ ನನ್ನ ಕಡೆ ನೋಡದೆ, ಕೊರಳು ಸರಿಮಾಡಿಕೊಂಡು, "ಬೆಳಿಗ್ಗೆ ಈಕಿ ಟೇಬಲ್ ಮ್ಯಾಲ ಹೆಚ್ಚಿಗೆ ಕೆಲಸ ಇರೂದಿಲ್ಲ. ಹಾಜರಿ ಮಷೀನಿನ್ಯಾಗ ಈಕಿಗೆ ಗುರುವಾರಕ್ಕ ಬ್ಯಾರೆ ಶಿಫ್ಟ್ ಹಾಕ್ಲಿಕ್ಕೆ ಬರ್ತದ. ನಾನು ಹಾಕ್ತೀನಿ" ಎಂದು ಸೇರಿಸಿದರು. ನಿಯಮದ ಒಳಗೇ ಒಂದು ದಾರಿ ಸಿಕ್ಕಿದ್ದಕ್ಕೆ ಆ ಮನುಷ್ಯನಿಗೂ ಖುಷಿಯಾಗಿತ್ತು.

ಕೊಟ್ರಬಸಮ್ಮನವರು ಪೆನ್ನಿಗೆ ಕೈಚಾಚಿದವರು ಅರ್ಧಕ್ಕೆ ನಿಂತರು. "ಮುಟ್ಟಲೇನು?" ಎಂದು ಕೇಳಿದರು.

ಮದ್ದು ಹಚ್ಚಿದ ಎರಡು ದಿನ ಮುಟ್ಟಬಾರದೆಂದೂ ಶನಿವಾರವೇ ತೊಳೆದುಕೊಂಡಿದ್ದೇನೆಂದೂ ಹೇಳಿದೆ. ಅವರು ಹೆಬ್ಬೆರಳನ್ನು ನನ್ನ ತಲೆಯ ಬಲಗಡೆ ಮೆಲ್ಲಗೆ ಆಡಿಸಿದರು, ಬಟ್ಟೆಯ ಮೆದು ನೋಡುವಂತೆ. ಎಂಟು ತಿಂಗಳಿಂದ ಹೊರಗಿನವರು ಯಾರೂ ನನ್ನ ತಲೆ ಮುಟ್ಟಿರಲಿಲ್ಲ. ಡಾಕ್ಟರು ಮುಟ್ಟುತ್ತಿದ್ದದ್ದೂ ಕೈಗವಸು ಹಾಕಿಕೊಂಡು. ಕಣ್ಣು ಮುಚ್ಚಿಕೊಂಡು ಹಾಗೇ ನಿಂತೆ. ಇಷ್ಟು ಹೊತ್ತು ಬಾಯಿ ಜೋರು ಮಾಡಿದವಳು ನಾನೇನಾ ಅನ್ನಿಸಿತು.

"ರೇಷ್ಮಿ ಇದ್ದಂಗ ಐತಿ," ಅಂದರು. ಆಮೇಲೆ ಅರ್ಜಿಯ ಮೂಲೆಯಲ್ಲಿ "ಮಂಜೂರು" ಎಂದು ಬರೆದು, ದೊಡ್ಡದಾಗಿ ಸಹಿ ಹಾಕಿ, ಕೂಡಲೇ ಮೊದಲಿನ ದನಿಗೆ ಬಂದರು. "ಆದ್ರ ಕೇಳು! ನನ್ನ ಯೂನಿಟ್ಟಿನಾಗ ದೇವರ ಹೆಸರಿನ ಸುಳ್ಳು ಓಡ್ಯಾಡೋದು ಬ್ಯಾಡ. ಹೊರಗ ಹೋಗಿ ಎಲ್ಲಾರಿಗೂ ನೀನಾ ಹೇಳು. ನಿಮ್ಮವ್ವಗ ನಾನು ಆಮ್ಯಾಲ ವಿಚಾರಿಸ್ಕೋತೀನಿ."

ಹೇಳುವುದೇನು ಉಳಿದಿತ್ತು? ಬಾಗಿಲು ತೆರೆದರೆ ಹೊಲಿಗೆ ಹಾಲಿನ ಹೆಂಗಸರೆಲ್ಲ ಅಲ್ಲೇ ನಿಂತಿದ್ದರು. ಸ್ಕಾರ್ಫ್ ಇನ್ನೂ ನನ್ನ ಕೈಯಲ್ಲೇ ಇತ್ತು. ಕಟ್ಟಿಕೊಳ್ಳಬೇಕೆಂದು ಕೈ ಮೇಲೆ ಹೋಯಿತು, ಯಾಕೋ ಕಟ್ಟಲಿಲ್ಲ.

"ಹರಕಿ ಅಲ್ಲ, ರೋಗ," ಅಂದೆ. "ಅಂಟೋದಿಲ್ಲ. ಈಗ ವಾಸಿ ಆಗಾಕತ್ತೈತಿ. ಗುರುವಾರ ಮಧ್ಯಾಹ್ನ ಒಂದು ಗಂಟೆಗೆ ಬರ್ತೀನಿ."

ಒಬ್ಬಳು ಬಾಯಿಗೆ ಸೆರಗು ಒತ್ತಿಕೊಂಡಳು. ಇನ್ನೊಬ್ಬಳು ದೂರವೇ ನಿಂತಳು, ಅದೂ ಕಂಡಿತು ನನಗೆ. ಸಿದ್ಧವಾದ ಪ್ಯಾಂಟುಗಳ ತಪ್ಪು ಹುಡುಕುವ ಹುಲುಗಮ್ಮ ಮಾತ್ರ ಎಲ್ಲರನ್ನೂ ತಳ್ಳಿಕೊಂಡು ಮುಂದೆ ಬಂದಳು. ಸಿರುಗುಪ್ಪದ ಕಡೆಯ ಸಿರಿಗೇರಿಯವಳು, ಮಗಳ ಸಂಸಾರದ ಜೊತೆ ಬಳ್ಳಾರಿಯಲ್ಲಿದ್ದಾಳೆ. ನನ್ನ ತೋಳು ಹಿಡಿದು ದೊಡ್ಡ ದೀಪವಿರುವ ತನ್ನ ಚೆಕ್ಕಿಂಗ್ ಟೇಬಲ್ಲಿನ ಹತ್ತಿರ ಎಳೆದೊಯ್ದಳು. "ತೋರ್ಸು ನೋಡೋಣು. ನನ್ನ ಕಣ್ಣಿಗೆ ತಪ್ಪಿಸ್ಕೊಂಡಿದ್ದು ಇಲ್ಲೀತನ ಯಾವುದೂ ಇಲ್ಲ," ಅಂದಳು. ದೀಪದ ಕೆಳಗೆ ತಲೆ ಬಗ್ಗಿಸಿದೆ. ಸುತ್ತ ತಲೆಗಳು ಗುಂಪುಗೂಡಿದವು. "ಇಲ್ಲೈತಿ ನೋಡು", "ಇಲ್ಲೊಂದು", "ಏ, ಇಲ್ಲಿ ಗುಂಪಾ ಐತಲ್ಲೇ!" ಎಂದು ಕೂಗಾಟವೇ ಎದ್ದಿತು. ಒಂದೊಂದು ಕೂಗಿಗೂ ನನಗೆ ಮೈ ಜುಮ್ಮೆನ್ನುತ್ತಿತ್ತು, ಹುಚ್ಚಿಯ ಹಾಗೆ ನಗುತ್ತಿದ್ದೆ. ಮ್ಯಾನೇಜರು ಬಂದು ಗಡಿಯಾರ ತೋರಿಸುವವರೆಗೂ ನಡೆಯಿತು ಅದು.

ಎಲ್ಲರೂ ಮಷೀನಿಗೆ ಮರಳಿದರು. ಹುಲುಗಮ್ಮ ಹೋಗಲಿಲ್ಲ. ಮುಂದಿದ್ದ ಪ್ಯಾಂಟನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

"ಮೀನಾಕ್ಷಿ, ಆ ಅರ್ಜಿಯೊಳಗ ರಜಾ ಅಲ್ಲ, ಟೈಮು ಅಂತ ಬರ್ದಿ ನೋಡು. ಹಂಗ ಕೇಳಾಕ ಬರ್ತೈತೇನು?"

"ಬರ್ತೈತಲ್ಲ. ಕೊಟ್ರಲ್ಲ."

"ನನ್ನ ಮಗಳ ಕೂಸಿನ ಪಾದ ಸೊಟ್ಟ ಅದಾವ. ಹುಟ್ಟಿದಾಗಿಂದ. ವಾರವಾರ ಮಂಗಳವಾರ ಬಂದು ಸಿಮೆಂಟಿನ ಪಟ್ಟಿ ಹಾಕಿಸ್ಕೊಂಡ್ರ ಸರಿ ಆಗ್ತಾವ ಅಂದಾರ ದವಾಖಾನ್ಯಾಗ. ಅಳಿಯ ಲಾರಿ ಮ್ಯಾಲ ಹೋಗ್ತಾನ. ಮಗಳು ಒಬ್ಬಾಕಿನಾ ಕೂಸಿನ್ನ ಹಿಡ್ಕೊಳ್ಳಾಕ ಆಗಂಗಿಲ್ಲ ಅಂತಾಳ." ಪ್ಯಾಂಟಿನ ಮೇಲಿಂದ ಕಣ್ಣೆತ್ತಲಿಲ್ಲ ಅವಳು. "ಎರಡು ವಾರ ಹಾಕಿಸಿ ನಡುವ ಬಿಟ್ಟೀವಿ. ಅಮ್ಮಾರನ್ನ ಕೇಳಾಕ ಹೆದ್ರಿಕಿ ಆತು."

ಡಿಸ್ಪ್ಯಾಚ್ ಟೇಬಲ್ಲಿನಿಂದ ಒಂದು ಬಿಳಿ ಹಾಳೆ ತಂದು ಪ್ಯಾಂಟುಗಳ ಮೇಲೆ ಹರಡಿದೆ. ನನ್ನ ಅರ್ಜಿಯನ್ನು ಪಕ್ಕಕ್ಕಿಟ್ಟುಕೊಂಡೆ. ಕೋಣೆಯೊಳಗಿಂದ ಕೊಟ್ರಬಸಮ್ಮನವರು ನಮ್ಮಿಬ್ಬರನ್ನು ನೋಡುತ್ತಿದ್ದರು. ಪೆನ್ನಿನ ಮುಚ್ಚಳ ಇನ್ನೂ ಹಾಕಿರಲಿಲ್ಲ.

"ಡಾಕ್ಟ್ರ ಚೀಟಿ ಐತೇನು?" ಎಂದು ಕೇಳಿದೆ.

ಹುಲುಗಮ್ಮ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಪ್ಲಾಸ್ಟಿಕ್ ಚೀಲ ತೆಗೆದಳು. ಚೀಟಿ ಒಳಗೇ ಇತ್ತು, ದಿನವೂ ತಂದು ದಿನವೂ ವಾಪಸು ಒಯ್ದು ಮಡಿಕೆಗಳಲ್ಲಿ ಹರಿಯತೊಡಗಿತ್ತು.

"ಕೂಸಿನ ಹೆಸರು ಹೇಳು," ಅಂದೆ.

"ಇನ್ನೂ ಇಟ್ಟಿಲ್ಲಬೇ. ಪಾದ ಸರಿ ಆಗ್ಲಿ ಅಂತ ಕಾಯಾಕತ್ತೀವಿ."

ನಾನು "ವಿಷಯ:" ಎಂದು ಬರೆದು, ಮುಂದೆ "ಮಂಗಳವಾರಗಳಂದು" ಎಂದು ಬರೆದೆ.